ವ್ಹೇ ಡಬ್ಬಿಯೋ, ಮೊಟ್ಟೆ ಟ್ರೇಯೋ, ಕಾಳಿನ ಚೀಲವೋ? ಕಾರವಾರದ ಅಡುಗೆಮನೆಯಿಂದ ತಿಂಗಳ ಪ್ರೋಟೀನ್ ಲೆಕ್ಕ

ಹೋದ ತಿಂಗಳು ಮಗ ಜಿಮ್‌ನಿಂದ ಬಂದವನೇ ಮೊಬೈಲ್ ಹಿಡಿದು ಒಲೆ ಹತ್ತಿರ ನಿಂತ. "ಅಮ್ಮಾ, ಇದೊಂದು ಡಬ್ಬಿ ತರಿಸಿ ಕೊಡು, ಎರಡೂವರೆ ಸಾವಿರ ಅಷ್ಟೆ." ಒಂದು ಕೆಜಿ ವ್ಹೇ ಪ್ರೋಟೀನ್ ಪುಡಿ. ದಿನಕ್ಕೆ ಎರಡು ಸ್ಕೂಪ್ ಕುಡಿಯಬೇಕಂತೆ. ಒಂದು ಕೆಜಿಯಲ್ಲಿ ಸುಮಾರು 30 ಸ್ಕೂಪ್ ಬರುತ್ತದೆ, ಅಂದರೆ ಡಬ್ಬಿ ಹದಿನೈದು ದಿನಕ್ಕೆ ಖಾಲಿ, ತಿಂಗಳಿಗೆ ಐದು ಸಾವಿರ. ನಾನು ತಿಂಗಳ ಸಾಮಾನಿನ ಚೀಟಿ ತೆಗೆದು ಕೂಡಿಸಿದೆ. ನಾಲ್ಕು ಜನರ ನಮ್ಮ ಮನೆಯ ಬೇಳೆಕಾಳು, ಹಾಲು, ಮೊಟ್ಟೆ ಮೂರೂ ಸೇರಿದರೂ ಅಷ್ಟಾಗಿರಲಿಲ್ಲ.

ಅದೇ ವಾರ ಶಿರಸಿಯ ಗೆಳತಿ ಫೋನ್ ಮಾಡಿದ್ದಳು. ಅವರದು ಮೊಟ್ಟೆಯೂ ಬಾರದ ಮನೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಓಡಲು ಶುರು ಮಾಡಿದ್ದಾರೆ, ಪ್ರೋಟೀನ್ ಬೇಕು ಅಂತ ದಿನಾ ಪನೀರ್ ತರುತ್ತಿದ್ದಾರೆ, ಬಿಲ್ಲು ನೋಡಿ ತಲೆ ಬಿಸಿಯಾಗಿದೆ. ಪಕ್ಕದ ಮನೆಯವರದು ಇನ್ನೊಂದು ಪ್ರಶ್ನೆ: ಮೀನು ಇಷ್ಟು ದುಬಾರಿ ಆಗಿರುವಾಗ ಮೊಟ್ಟೆಗೇ ಹೋಗಿಬಿಡುವುದು ಒಳ್ಳೆಯದಾ? ಮೂವರಿಗೂ ಒಂದೇ ಲೆಕ್ಕ ಹೇಳಬೇಕಾಯಿತು, ಹಾಗಾಗಿ ಬರೆದೇ ಬಿಡುತ್ತೇನೆ.

ಅಕ್ಕಿ, ಎಣ್ಣೆ, ಮಸಾಲೆ ಎಲ್ಲರಿಗೂ ಗೊತ್ತಿರುವುದೇ, ಅದರಲ್ಲಿ ನಾನು ಹೇಳುವಂಥದ್ದು ಹೆಚ್ಚೇನಿಲ್ಲ. ಫಿಟ್‌ನೆಸ್ ಅಂತ ಹೊರಟ ಮನೆಯ ಖರ್ಚು ಏರುವುದು ಪ್ರೋಟೀನ್ ಹೆಸರಿನಲ್ಲಿ. ಆದ್ದರಿಂದ ಇಲ್ಲಿ ಅದೊಂದನ್ನೇ ಹಿಡಿದು ನೋಡುತ್ತೇನೆ. ಬೆಲೆಗಳೆಲ್ಲ ನಾನು ಈಚೆಗೆ ಕೊಟ್ಟವು, ನಿಮ್ಮ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು.

ಯಾವುದರ ಮೇಲೆ ಅಳೆಯಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ.

ಮೊದಲನೆಯದು, 20 ಗ್ರಾಂ ಪ್ರೋಟೀನಿಗೆ ಎಷ್ಟು ರೂಪಾಯಿ. ಕೆಜಿ ಬೆಲೆ ನೋಡಿದರೆ ಮೋಸ ಹೋಗುತ್ತೇವೆ. ಹಾಲು ಲೀಟರಿಗೆ 46, ಸೋಯಾ ಉಂಡೆ ಕೆಜಿಗೆ 140, ಕೇಳಲಿಕ್ಕೆ ಹಾಲೇ ಅಗ್ಗ. ಆದರೆ ಹಾಲಿನಲ್ಲಿ ನೂರಕ್ಕೆ ಮೂರು ಗ್ರಾಂ ಚಿಲ್ಲರೆ ಪ್ರೋಟೀನ್, ಸೋಯಾದಲ್ಲಿ ನೂರಕ್ಕೆ 52. ಇಪ್ಪತ್ತು ಗ್ರಾಂ ಅಂತ ಹಿಡಿದದ್ದು ಯಾಕೆಂದರೆ ಒಬ್ಬರ ಒಂದು ಊಟಕ್ಕೆ ಹೆಚ್ಚುಕಮ್ಮಿ ಅಷ್ಟು ಸಾಕು.

ಎರಡನೆಯದು, ಆ 20 ಗ್ರಾಂಗಾಗಿ ಎಷ್ಟು ತಿನ್ನಬೇಕು. ಶೇಂಗಾದಲ್ಲಿ ಪ್ರೋಟೀನ್ ಚೆನ್ನಾಗಿದೆ, ಆದರೆ 20 ಗ್ರಾಂ ಬರಲು ಎಂಬತ್ತು ಗ್ರಾಂ ಮೇಲೆ ತಿನ್ನಬೇಕು, ಅದರ ಜೊತೆ 450 ಕ್ಯಾಲೊರಿಗೂ ಜಾಸ್ತಿ ಒಳಗೆ ಹೋಗುತ್ತದೆ. ತೂಕ ಏರಿಸಬೇಕೆನ್ನುವ ಹುಡುಗನಿಗೆ ಅದು ವರ, ಹೊಟ್ಟೆ ಇಳಿಸಲು ಹೊರಟ ನನ್ನ ಗಂಡನಿಗೆ ಅಲ್ಲ.

ಮೂರನೆಯದನ್ನು ಬಯಲುಸೀಮೆಯವರು ಕೇಳುವುದೇ ಇಲ್ಲ: ನಮ್ಮ ಮಳೆಗಾಲದಲ್ಲಿ ಅದು ಕೆಡದೆ ಉಳಿಯುತ್ತದಾ? ನಾಲ್ಕನೆಯದು, ಮನೆಯಲ್ಲಿ ಎಲ್ಲರೂ ತಿನ್ನುತ್ತಾರಾ. ಒಬ್ಬನಿಗೆ ಬೇರೆ, ಅತ್ತೆಗೆ ಬೇರೆ ಅಂತ ಎರಡೆರಡು ಅಡುಗೆ ಮಾಡುವವರು ಯಾರು ಹೇಳಿ.

ಎಷ್ಟು ಬೇಕು, ಈಗಾಗಲೇ ಎಷ್ಟು ಸಿಗುತ್ತಿದೆ

ಐಸಿಎಂಆರ್‌ನ ರಾಷ್ಟ್ರೀಯ ಪೋಷಣ ಸಂಸ್ಥೆ ಸಾಮಾನ್ಯ ದೊಡ್ಡವರಿಗೆ ಹೇಳುವುದು ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ. ಭಾರ ಎತ್ತುವವರು, ಓಡುವವರು ಸಾಮಾನ್ಯವಾಗಿ 1.2ರಿಂದ 1.6ರ ತನಕ ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ 65 ಕೆಜಿಯ ಮಗನಿಗೆ ದಿನಕ್ಕೆ 90 ಗ್ರಾಂ, ನನಗೂ ಗಂಡನಿಗೂ ತಲಾ 70, ಅತ್ತೆಗೆ 55. ಒಟ್ಟು ದಿನಕ್ಕೆ 285 ಗ್ರಾಂ, ತಿಂಗಳಿಗೆ ಎಂಟೂವರೆ ಕೆಜಿ. ಕಿಡ್ನಿ ತೊಂದರೆ ಇರುವವರು ಮನೆಯಲ್ಲಿದ್ದರೆ ಈ ಅಂಕಿ ಅವರಿಗೆ ಹಾಕಬೇಡಿ, ಅವರದು ಡಾಕ್ಟರ್ ಹೇಳಿದಷ್ಟೇ.

ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಅನ್ನದಲ್ಲಿ ಏನೂ ಇಲ್ಲ ಅಂತ ಶೂನ್ಯದಿಂದ ಲೆಕ್ಕ ಶುರು ಮಾಡುತ್ತಾರೆ. ಅಕ್ಕಿಯಲ್ಲಿ ನೂರಕ್ಕೆ ಏಳೆಂಟು ಗ್ರಾಂ ಇದೆ, ಗೋಧಿ ಹಿಟ್ಟಿನಲ್ಲಿ ಹತ್ತು. ನನ್ನ ಮಗ ದಿನಕ್ಕೆ ಕಾಲು ಕೆಜಿ ಅಕ್ಕಿಯ ಅನ್ನ ದೋಸೆ, ನೂರು ಗ್ರಾಂ ಹಿಟ್ಟಿನ ಚಪಾತಿ, ಸಾರಿನಲ್ಲಿ ನಲವತ್ತು ಗ್ರಾಂ ಬೇಳೆ, ಮುನ್ನೂರು ಮಿಲಿ ಹಾಲು ಮೊಸರು ಹೇಗೂ ತೆಗೆದುಕೊಳ್ಳುತ್ತಾನೆ. ಅಷ್ಟರಲ್ಲೇ 47 ಗ್ರಾಂ ಆಯಿತು. ಬಾಕಿ 43. ಮೂರು ಮೊಟ್ಟೆ ಅಂದರೆ 18, ಐವತ್ತು ಗ್ರಾಂ ಕಾಳು ನೆನೆಸಿ ಮೊಳಕೆ ಬರಿಸಿದರೆ 11, ಮಧ್ಯಾಹ್ನ ಎರಡು ಬಂಗುಡೆ ಬಿದ್ದರೆ ಮತ್ತೆ 25. ತೊಂಬತ್ತು ದಾಟಿಯೇ ಹೋಯಿತು. ಮೀನಿಲ್ಲದ ದಿನ ನಲವತ್ತು ಗ್ರಾಂ ಸೋಯಾ ಹಾಕಿದರೂ ತುಂಬುತ್ತದೆ. ಇದನ್ನು ಹಳೇ ನೋಟ್‌ಬುಕ್ಕಿನ ಹಿಂದೆ ಬರೆದು ತೋರಿಸಿದ ಮೇಲೆ ಅವನು ಡಬ್ಬಿ ವಿಷಯ ಎತ್ತಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದ, ಅದು ಬೇರೆ.

ಇದಕ್ಕೆ ಒಂದೇ ಒಂದು ಸಾಮಾನು ಹೊಸದಾಗಿ ತಂದದ್ದು: ಮುನ್ನೂರೈವತ್ತು ರೂಪಾಯಿಯ ಡಿಜಿಟಲ್ ತಕ್ಕಡಿ. "ಒಂದು ಹಿಡಿ" ಅಂದರೆ ನನ್ನ ಕೈಯಲ್ಲಿ 35 ಗ್ರಾಂ ಹೆಸರುಕಾಳು, ಮಗನ ಕೈಯಲ್ಲಿ 55. ಒಂದು ವಾರ ತೂಗಿದರೆ ಆಮೇಲೆ ಕಣ್ಣಳತೆಯೇ ಸಾಕು.

ಕಾಳು ಬೇಳೆ

ದುಡ್ಡಿನ ಲೆಕ್ಕದಲ್ಲಿ ಇವುಗಳ ಹತ್ತಿರ ಬರುವುದು ಸೋಯಾ ಒಂದೇ. ಹುರುಳಿ ಕೆಜಿಗೆ 90, ಇಪ್ಪತ್ತು ಗ್ರಾಂ ಪ್ರೋಟೀನಿಗೆ ಎಂಟು ರೂಪಾಯಿ. ಕಡಲೆ ಒಂಬತ್ತೂವರೆ, ಹೆಸರುಕಾಳು ಹತ್ತು, ಅಲಸಂದೆಯೂ ಅಷ್ಟೇ. ತೊಗರಿಬೇಳೆ ಸ್ವಲ್ಪ ಮೇಲೆ. ಅಕ್ಕಿಯಲ್ಲಿ ಕಡಿಮೆ ಇರುವ ಪ್ರೋಟೀನಿನ ಭಾಗ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿದೆ. ಅನ್ನ ಸಾರಿನ ಜೋಡಿಗೆ ಅರ್ಥ ಬರುವುದು ಅಲ್ಲಿ.

ಆದರೆ ಸಾರು ಅಂದರೆ ಯಾವ ಸಾರು? ನಮ್ಮಲ್ಲಿ ಹುರುಳಿ ಬೇಯಿಸಿ ಕಟ್ಟು ತೆಗೆದು, ಕಟ್ಟಿನ ಸಾರು ಉಂಡು, ಕಾಳನ್ನು ದನಕ್ಕೆ ಹಾಕುವವರಿದ್ದಾರೆ. ರುಚಿಯೇನೋ ಕಟ್ಟಿನಲ್ಲಿದೆ, ಪ್ರೋಟೀನ್ ಬಹುಪಾಲು ದನದ ಹೊಟ್ಟೆಗೆ ಹೋಯಿತು. ತಿಳಿಸಾರೂ ಅಷ್ಟೆ, ನಾಲ್ಕು ಜನರಿಗೆ ಒಂದು ಸಣ್ಣ ಲೋಟ ಬೇಳೆ ಹಾಕಿ ದೊಡ್ಡ ಪಾತ್ರೆ ನೀರು ಸುರಿದರೆ ಒಬ್ಬೊಬ್ಬರಿಗೆ ಮೂರ್ನಾಲ್ಕು ಗ್ರಾಂ ಬಂದರೆ ಪುಣ್ಯ. ನಾನು ಈಗ ಹುರುಳಿ ಕಾಳನ್ನು ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿ ಪಲ್ಯ ಮಾಡುತ್ತೇನೆ. ರಾತ್ರಿಯೆಲ್ಲ ನೆನೆಯಬೇಕು, ಕುಕ್ಕರಿನಲ್ಲಿ ಆರೇಳು ಸೀಟಿ ಬೇಕು, ಇಲ್ಲವಾದರೆ ಹಲ್ಲಿಗೆ ಸಿಗುವುದಿಲ್ಲ.

ಕಾಳಿನ ತೊಂದರೆ ಎರಡು. ಒಂದು, ಹೊಟ್ಟೆ ಉಬ್ಬರ. ದಿನಕ್ಕೆ ಇಪ್ಪತ್ತು ಗ್ರಾಂ ತಿನ್ನುತ್ತಿದ್ದವರು ಒಮ್ಮೆಲೇ ನೂರಕ್ಕೆ ಹೋದರೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ. ನೆನೆಸಿದ ನೀರು ಚೆಲ್ಲಿ, ವಾರಕ್ಕಿಷ್ಟು ಅಂತ ಏರಿಸುತ್ತಾ ಹೋಗಿ. ಅತ್ತೆಗೆ ಕಡಲೆ ಆಗುವುದೇ ಇಲ್ಲ, ಸಿಪ್ಪೆ ತೆಗೆದ ಹೆಸರುಬೇಳೆ ಆಗುತ್ತದೆ.

ಎರಡನೆಯದು ಹುಳು. ನಾನೇ ಬಿದ್ದ ಹಳ್ಳ ಇದು. ಎರಡು ವರ್ಷದ ಹಿಂದೆ ಜೂನ್ ಮೊದಲ ವಾರ ಒಂದು ಅಂಗಡಿಯಲ್ಲಿ ರಿಯಾಯಿತಿ ಸಿಕ್ಕಿತು ಅಂತ ಐದು ಕೆಜಿ ಹೆಸರುಕಾಳು ತಂದೆ, ಉಳಿದದ್ದು ನಲವತ್ತೋ ಐವತ್ತೋ ರೂಪಾಯಿ. ಜುಲೈ ಕೊನೆಗೆ ಡಬ್ಬಿ ಮುಚ್ಚಳ ತೆಗೆದರೆ ಗೋಡೆಗೆಲ್ಲ ಬಿಳಿ ಪುಡಿ, ಪ್ರತಿ ಕಾಳಿಗೂ ಸೂಜಿಯಲ್ಲಿ ಚುಚ್ಚಿದ ಹಾಗೆ ದುಂಡಗಿನ ತೂತು, ಕೈ ಹಾಕಿದರೆ ಕಾಳು ಹಗುರ. ಮೂರು ಕೆಜಿ ಕೋಳಿಗೆ ಹೋಯಿತು. ಕಾಳಿನ ಹುಳು ಎಷ್ಟೋ ಸಲ ಹೊಲದಿಂದಲೇ ಮೊಟ್ಟೆಯಾಗಿ ಬಂದಿರುತ್ತದೆ, ನಮ್ಮ ಸೆಕೆ ಮತ್ತು ತೇವ ಅದಕ್ಕೆ ಹಬ್ಬ. ಈಗ ಮಳೆಗಾಲದಲ್ಲಿ ಯಾವ ಕಾಳನ್ನೂ ಒಂದು ತಿಂಗಳಿಗಿಂತ ಜಾಸ್ತಿ ತರುವುದಿಲ್ಲ. ತಂದದ್ದನ್ನು ಅರ್ಧರ್ಧ ಕೆಜಿಯ ಪೊಟ್ಟಣ ಮಾಡಿ ನಾಲ್ಕೈದು ದಿನ ಫ್ರೀಜರಿನಲ್ಲಿ ಇಡುತ್ತೇನೆ, ಮೊಟ್ಟೆ ಸಾಯುತ್ತದೆ. ಹೊರಗೆ ತೆಗೆದ ಕೂಡಲೇ ಪೊಟ್ಟಣ ಬಿಚ್ಚಬಾರದು, ಬಿಚ್ಚಿದರೆ ಕಾಳಿನ ಮೇಲೆ ನೀರು ಕೂತು ಬೂಸ್ಟು ಬರುತ್ತದೆ. ಮನೆಯ ಬಿಸಿಗೆ ಬಂದ ಮೇಲೆ ಒಣಗಿದ ಸ್ಟೀಲ್ ಡಬ್ಬಿಗೆ ಸುರಿಯಬೇಕು.

ಶೇಂಗಾಕ್ಕೆ ಹುಳಕ್ಕಿಂತ ಬೂಸ್ಟಿನ ಹೆದರಿಕೆ. ಕಹಿ ಬಂದರೆ, ಸುಕ್ಕಾಗಿ ಕಪ್ಪಾಗಿದ್ದರೆ, ಹುರಿದು ಸರಿ ಮಾಡಬಹುದು ಅಂದುಕೊಳ್ಳಬೇಡಿ, ಆ ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಎಸೆಯಿರಿ.

ಸೋಯಾ ಉಂಡೆ

ಇಪ್ಪತ್ತು ಗ್ರಾಂಗೆ ಐದೂವರೆ ರೂಪಾಯಿ. ಇದಕ್ಕಿಂತ ಅಗ್ಗದ್ದು ಇಲ್ಲ. ಎಣ್ಣೆ ತೆಗೆದ ಸೋಯಾದಿಂದ ಮಾಡಿದ್ದು, ಹಾಗಾಗಿ ಕ್ಯಾಲೊರಿಯೂ ಕಡಿಮೆ, ತಿಂಗಳುಗಟ್ಟಲೆ ಇರುತ್ತದೆ. ಮತ್ತೆ ಯಾಕೆ ಎಲ್ಲರೂ ಇದನ್ನೇ ತಿನ್ನುವುದಿಲ್ಲ? ಯಾಕೆಂದರೆ ಬರೀ ಬೇಯಿಸಿದರೆ ಒದ್ದೆ ಸ್ಪಂಜು ಅಗಿದ ಹಾಗೆ. ಉಪ್ಪು ಹಾಕಿದ ಕುದಿವ ನೀರಿನಲ್ಲಿ ಐದು ನಿಮಿಷ ಇಟ್ಟು, ತಣ್ಣೀರಿನಲ್ಲಿ ಎರಡು ಸಲ ಹಿಂಡಿ, ಆ ಹಸಿ ವಾಸನೆ ಹೋದ ಮೇಲೆ ಸುಕ್ಕ ಮಸಾಲೆಯಲ್ಲಿ ಹುರಿದರೆ ನಮ್ಮನೆಯಲ್ಲಿ ಖಾಲಿಯಾಗುತ್ತದೆ. ಸಣ್ಣ ಉಂಡೆ ತನ್ನಿ, ಅದು ಮಸಾಲೆ ಚೆನ್ನಾಗಿ ಹೀರುತ್ತದೆ.

ನಾನು ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಮಾಡುವುದಿಲ್ಲ, ಅದು ಬೇಜಾರಿನ ಕಾರಣಕ್ಕೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಗಮನಿಸಿ: ಸೋಯಾ ಆ ಮಾತ್ರೆ ಹೊಟ್ಟೆಯಲ್ಲಿ ಹೀರುವುದನ್ನು ತಡೆಯಬಹುದು. ಬೆಳಿಗ್ಗೆ ಮಾತ್ರೆ, ಸೋಯಾ ಮಧ್ಯಾಹ್ನಕ್ಕೆ, ಡಾಕ್ಟರಿಗೂ ಒಂದು ಮಾತು ಹೇಳಿಡಿ.

ಮೊಟ್ಟೆ ಮತ್ತು ಹಾಲು

ಮೊಟ್ಟೆ ಒಂದಕ್ಕೆ ಏಳು ರೂಪಾಯಿ, ಒಂದರಲ್ಲಿ ಆರು ಗ್ರಾಂ. ಇಪ್ಪತ್ತು ಗ್ರಾಂಗೆ 23 ರೂಪಾಯಿ ಬೀಳುತ್ತದೆ. ಕಾಳಿಗಿಂತ ಎರಡು ಪಟ್ಟು. ಆದರೂ ನಾನು ಮೊಟ್ಟೆಗೆ ದುಡ್ಡು ಹಾಕುತ್ತೇನೆ, ಯಾಕೆಂದರೆ ಮೊಟ್ಟೆಗೆ ನೆನೆಸುವ ಕೆಲಸ ಇಲ್ಲ, ಹೊಟ್ಟೆ ಉಬ್ಬರಿಸುವುದಿಲ್ಲ, ಕಾಲೇಜಿಗೆ ಹೊರಟ ಹುಡುಗ ನಿಂತಲ್ಲೇ ಎರಡು ತಿಂದು ಓಡಬಹುದು. ಹಳದಿ ಎಸೆದು ಬರೀ ಬಿಳಿ ತಿನ್ನುವ ಜಿಮ್ ಅಭ್ಯಾಸ ಮಾತ್ರ ನನ್ನ ಮನೆಯಲ್ಲಿ ನಡೆಯುವುದಿಲ್ಲ. ಪ್ರೋಟೀನಿನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹಳದಿಯಲ್ಲೇ ಇದೆ, ದುಡ್ಡು ಕೊಟ್ಟು ಎಸೆಯುವುದಾ?

ಹಾಲು ಇಪ್ಪತ್ತು ಗ್ರಾಂಗೆ 29 ರೂಪಾಯಿ, ಸುಮಾರು 625 ಮಿಲಿ ಕುಡಿಯಬೇಕು. ಬರೀ ಪ್ರೋಟೀನಿಗೆ ಅಂತ ಇದು ದುಬಾರಿ. ಆದರೆ ಚಹಾ, ಮೊಸರು, ಕ್ಯಾಲ್ಸಿಯಂ ಎಲ್ಲ ಇದರ ಮೇಲೇ ನಡೆಯುವುದರಿಂದ ಹಾಲು ಹೇಗೂ ಬರುತ್ತದೆ, ಲೆಕ್ಕಕ್ಕೆ ಸೇರಿಸಿಕೊಂಡರಾಯಿತು. ಪನೀರ್ ಇದರ ಅಣ್ಣ: ಕೆಜಿಗೆ 400 ಅಂತ ಹಿಡಿದರೆ ಇಪ್ಪತ್ತು ಗ್ರಾಂಗೆ 44 ರೂಪಾಯಿ, ಜೊತೆಗೆ ಒಳ್ಳೇ ಕೊಬ್ಬು. ಶಿರಸಿಯ ಗೆಳತಿಯ ಬಿಲ್ಲು ಏರಿದ್ದು ಇಲ್ಲೇ. ಮಜ್ಜಿಗೆಯನ್ನು ಮಾತ್ರ ಪ್ರೋಟೀನ್ ಅಂತ ಎಣಿಸಬೇಡಿ. ತಂಬುಳಿಗೆ, ನೀರುಮಜ್ಜಿಗೆಗೆ ನಾವು ಹಾಕುವ ಮೊಸರು ಒಂದೆರಡು ಚಮಚ, ಲೋಟಕ್ಕೆ ಒಂದೆರಡು ಗ್ರಾಂ ಬರುತ್ತದೆ ಅಷ್ಟೆ.

ಮೀನು

ಇಲ್ಲಿ ಕೆಜಿ ಬೆಲೆ ಹೇಳಿದರೆ ಪ್ರಯೋಜನ ಇಲ್ಲ. ಮಾರ್ಕೆಟ್ಟಿನಲ್ಲಿ ನೂರು ರೂಪಾಯಿಗೆ ಇಷ್ಟು ಅಂತ ಕೊಡುತ್ತಾರೆ, ಅದು ದಿನಕ್ಕೊಂದು ಥರ. ನೂರಕ್ಕೆ ಐದು ಬಂಗುಡೆ, ಒಂದೊಂದು 120 ಗ್ರಾಂ ಅಂತ ಇಟ್ಟುಕೊಳ್ಳಿ. ತಲೆ, ಹೊಟ್ಟೆ, ಮುಳ್ಳು ಹೋಗಿ ತಿನ್ನಲು ಸಿಗುವುದು ನೂರಕ್ಕೆ ಅರವತ್ತು. ಇಪ್ಪತ್ತು ಗ್ರಾಂ ಪ್ರೋಟೀನಿಗೆ 29 ರೂಪಾಯಿ ಆಯಿತು, ಹಾಲಿಗೆ ಸಮ. ನೂರಕ್ಕೆ ಎಂಟು ಕೊಟ್ಟರೆ 18, ಮೊಟ್ಟೆಗಿಂತ ಅಗ್ಗ. ನೂರಕ್ಕೆ ಮೂರು ಅಂದರೆ ಸುಮ್ನೆ ಮೊಟ್ಟೆ ತೆಗೆದುಕೊಂಡು ಮನೆಗೆ ಬರುವುದು ಮೇಲು. ಪಕ್ಕದ ಮನೆಯವರ ಪ್ರಶ್ನೆಗೆ ನನ್ನ ಉತ್ತರ ಇದೇ: ಆರು ಅಥವಾ ಜಾಸ್ತಿ ಸಿಕ್ಕರೆ ಮೀನು, ನಾಲ್ಕಕ್ಕಿಂತ ಕಡಿಮೆ ಆದರೆ ಮೊಟ್ಟೆ, ನಡುವೆ ಇದ್ದರೆ ನಿಮ್ಮ ನಾಲಿಗೆ ಹೇಳಿದಂತೆ.

ತಾರ್ಲೆ ಸಾಮಾನ್ಯವಾಗಿ ಬಂಗುಡೆಗಿಂತ ಅಗ್ಗ, ಹೃದಯಕ್ಕೆ ಒಳ್ಳೆಯದು ಅನ್ನುವ ಒಮೆಗಾ-3 ಕೊಬ್ಬು ಎರಡರಲ್ಲೂ ಚೆನ್ನಾಗಿದೆ. ಮೆತ್ತಗೆ ಬೇಯಿಸಿ ಮುಳ್ಳು ಸಮೇತ ತಿಂದರೆ ಕ್ಯಾಲ್ಸಿಯಂ ಕೂಡ. ಇಸ್ವಾಣ, ಪಾಂಪ್ಲೆಟ್ ನೆಂಟರು ಬಂದಾಗ. ಪ್ರೋಟೀನ್ ಅವುಗಳಲ್ಲೂ ಹೆಚ್ಚುಕಮ್ಮಿ ಇಷ್ಟೇ, ಬೆಲೆ ಮಾತ್ರ ಮೂರು ನಾಲ್ಕು ಪಟ್ಟು.

ಬಂಗುಡೆ, ತಾರ್ಲೆಯಲ್ಲಿ ಒಂದು ಎಚ್ಚರ ಬೇಕು. ತಿಂದು ಅರ್ಧ ಗಂಟೆಗೆ ಮುಖ ಕೆಂಪಾಗಿ ಮೈ ತುರಿಸಿದರೆ "ನನಗೆ ಬಂಗುಡೆ ಆಗುವುದಿಲ್ಲ" ಅನ್ನುತ್ತಾರೆ. ಎಷ್ಟೋ ಸಲ ಅದು ಅಲರ್ಜಿ ಅಲ್ಲ. ಈ ಜಾತಿಯ ಮೀನು ಬಿಸಿಲಿನಲ್ಲಿ ಐಸ್ ಇಲ್ಲದೆ ಕೂತರೆ ಹಿಸ್ಟಮೀನ್ ಅನ್ನುವ ವಸ್ತು ಹುಟ್ಟುತ್ತದೆ, ಅದು ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಹುಳಿ ಜಾಸ್ತಿ ಹಾಕಿದರೆ ಸರಿಯಾಗುತ್ತದೆ ಅನ್ನುವುದೂ ಸುಳ್ಳು. ಕಿವಿರು ಕೆಂಪಗೆ, ಕಣ್ಣು ಉಬ್ಬಿ ತಿಳಿಯಾಗಿ, ಬೆರಳು ಒತ್ತಿದರೆ ಕುಳಿ ಬೀಳದಂತೆ ಇರಬೇಕು. ತಂದ ಮೇಲೆ ಸಂಜೆಯ ತನಕ ಸಿಂಕಿನಲ್ಲಿ ಬಿಡಬೇಡಿ, ಕೊಯ್ದು ಫ್ರಿಜ್‌ಗೆ ಹಾಕಿ.

ಚಿಕನ್ ಕೆಜಿಗೆ 240 ಅಂತ ಹಿಡಿದರೆ ಇಪ್ಪತ್ತು ಗ್ರಾಂಗೆ 37 ರೂಪಾಯಿ. ಭಾನುವಾರಕ್ಕೆ ಸರಿ.

ಡಬ್ಬಿ ಪುಡಿ

ವ್ಹೇ ಪುಡಿಯಲ್ಲಿ ಇಪ್ಪತ್ತು ಗ್ರಾಂ ಪ್ರೋಟೀನಿಗೆ ಎಪ್ಪತ್ತು ರೂಪಾಯಿ ಬೀಳುತ್ತದೆ. ಹುರುಳಿಯ ಎಂಟು ಪಟ್ಟು. ಹಾಗಂತ ಅದು ವಿಷ ಅಲ್ಲ, ಹಾಲಿನದೇ ಪ್ರೋಟೀನ್, ಬೇಗ ಜೀರ್ಣವಾಗುತ್ತದೆ. ಆದರೆ 2024ರಲ್ಲಿ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆಯ ಆಹಾರ ಮಾರ್ಗಸೂಚಿ ದೇಹ ಕಟ್ಟಲು ಇಂಥ ಪುಡಿಗಳ ಬೆನ್ನು ಹತ್ತಬೇಡಿ ಅಂತಲೇ ಹೇಳಿದೆ. ಮನೆಯಲ್ಲಿ ಬೇಯಿಸಿ ಹಾಕುವವರಿದ್ದರೆ ಇದು ಬೇಕಾಗಿಲ್ಲ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ರೂಮು ಮಾಡಿಕೊಂಡು ಮೆಸ್ಸಿನ ಅನ್ನ ಸಾಂಬಾರಿನ ಮೇಲೆ ಬದುಕುವ ಹುಡುಗನಿಗೆ ದಿನಕ್ಕೊಂದು ಸ್ಕೂಪ್ ಅಂದರೆ ನಾನೂ ಬೇಡ ಅನ್ನುವುದಿಲ್ಲ, ಆದರೆ ಮೊದಲು ಒಂದು ಮೊಟ್ಟೆ ಬೇಯಿಸುವ ಕೆಟಲ್ ಕೊಡಿಸಿ.

ಎಂಟುನೂರು ಒಂಬೈನೂರಕ್ಕೆ ದೊಡ್ಡ ಡಬ್ಬಿ ಸಿಗುವ "ಮಾಸ್ ಗೇನರ್" ಬಗ್ಗೆ ಹುಷಾರು. ಡಬ್ಬಿ ತಿರುಗಿಸಿ ನೂರು ಗ್ರಾಂಗೆ ಪ್ರೋಟೀನ್ ಎಷ್ಟು ಅಂತ ಓದಿ. ಒಳ್ಳೆಯ ವ್ಹೇ ಪುಡಿಯಲ್ಲಿ ಎಪ್ಪತ್ತರ ಮೇಲಿರುತ್ತದೆ, ಗೇನರ್‌ಗಳಲ್ಲಿ ಹದಿನೈದೋ ಇಪ್ಪತ್ತೋ, ಉಳಿದದ್ದು ಮಾಲ್ಟೋಡೆಕ್ಸ್‌ಟ್ರಿನ್ ಮತ್ತು ಸಕ್ಕರೆ. ಪುಟಾಣಿಯಲ್ಲೇ ಅದಕ್ಕಿಂತ ಜಾಸ್ತಿ ಇದೆ.

ಪುಟಾಣಿ ಅಂದಾಗ ನೆನಪಾಯಿತು, ಮಗನಿಗೆ ಈಗ ಜಿಮ್ ಮುಗಿದ ಮೇಲೆ ಕೊಡುವುದು ಅದನ್ನೇ. ಐವತ್ತು ಗ್ರಾಂ ಪುಟಾಣಿ ಹಿಟ್ಟು, ಗಟ್ಟಿ ಮೊಸರು ಒಂದು ಬಟ್ಟಲು, ನೀರು, ಉಪ್ಪು, ಜೀರಿಗೆ. ಹದಿನೈದು ಗ್ರಾಂ ಹತ್ತಿರ ಪ್ರೋಟೀನ್, ಹದಿಮೂರು ರೂಪಾಯಿ. ಹಿಟ್ಟನ್ನು ಮೊದಲು ಸ್ವಲ್ಪವೇ ನೀರಿನಲ್ಲಿ ಕಲಸಿಕೊಳ್ಳಬೇಕು, ಇಲ್ಲವಾದರೆ ಗಂಟಾಗಿ ಲೋಟದ ತಳಕ್ಕೆ ಕೂರುತ್ತದೆ, ಅವನು ಮೇಲಿನದಷ್ಟೇ ಕುಡಿದು ಇಡುತ್ತಾನೆ.

ನಮ್ಮ ಚೀಟಿ, ಗೆಳತಿಯ ಚೀಟಿ

ಈಗ ನಮ್ಮ ತಿಂಗಳ ಚೀಟಿ ಹೀಗಿದೆ. ಕುಚ್ಚಲಕ್ಕಿ, ದೋಸೆ ಅಕ್ಕಿ ಸೇರಿ 22 ಕೆಜಿ, ಗೋಧಿ ಹಿಟ್ಟು 6, ರಾಗಿ 2. ತೊಗರಿಬೇಳೆ ಎರಡೂವರೆ, ಹೆಸರು 2, ಕಡಲೆ ಪುಟಾಣಿ ಸೇರಿ 2, ಹುರುಳಿ, ಅಲಸಂದೆ, ಶೇಂಗಾ, ಸೋಯಾ ಒಂದೊಂದು ಕೆಜಿ. ಹಾಲು ದಿನಕ್ಕೆ ಒಂದೂವರೆ ಲೀಟರ್, ಮೊಟ್ಟೆ ಐದು ಟ್ರೇ, ಮೀನು 8 ಕೆಜಿ, ಚಿಕನ್ 2.

ಇದನ್ನು ಪ್ರೋಟೀನಿಗೆ ತಿರುಗಿಸಿ ನೋಡಿದಾಗ ನನಗೇ ಆಶ್ಚರ್ಯ ಆಯಿತು. ಅಕ್ಕಿ ಹಿಟ್ಟುಗಳಿಂದಲೇ 2,400 ಗ್ರಾಂ. ಕಾಳು ಬೇಳೆ ಸೋಯಾ ಶೇಂಗಾದ 1,260 ರೂಪಾಯಿಗೆ 2,600 ಗ್ರಾಂ. ಹಾಲಿನ 2,070 ರೂಪಾಯಿಗೆ 1,440, ಮೊಟ್ಟೆಯ 1,050ಕ್ಕೆ 900, ಮೀನು ಚಿಕನ್‌ನ 1,840ಕ್ಕೆ 1,170. ಎಂಟೂವರೆ ಕೆಜಿ ತುಂಬಿತು. ಅಕ್ಕಿ ಹಿಟ್ಟು ಸೇರಿ ಒಟ್ಟು ಎಂಟು ಸಾವಿರದ ಒಳಗೆ. ಎಣ್ಣೆ, ತೆಂಗಿನಕಾಯಿ, ತರಕಾರಿ, ಹಣ್ಣು ಬೇರೆ. ಇದಕ್ಕಿಂತ ಕಡಿಮೆ ಮಾಡಬೇಕಾದರೆ ಮೊದಲು ಚಿಕನ್ ಬಿಡಿ, ಆಮೇಲೆ ಹಾಲು ಅರ್ಧ ಲೀಟರ್ ಇಳಿಸಿ, ಆ ಜಾಗಕ್ಕೆ ಮೂರು ಕೆಜಿ ಕಾಳು ಏರಿಸಿ. ತಿಂಗಳಿಗೆ ಎಂಟುನೂರು ರೂಪಾಯಿ ಹತ್ತಿರ ಉಳಿಯುತ್ತದೆ, ಪ್ರೋಟೀನ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಶಿರಸಿಯ ಗೆಳತಿಯ ಮನೆಯಲ್ಲೂ ನಾಲ್ಕು ಜನ. ಮೊಟ್ಟೆ, ಮೀನು, ಚಿಕನ್ ತೆಗೆದರೆ ಎರಡು ಕೆಜಿ ಚಿಲ್ಲರೆ ಪ್ರೋಟೀನ್ ಕೊರತೆ. ಅದಕ್ಕೆ ಅವಳಿಗೆ ಹೇಳಿದ್ದು: ಕಾಳು ಮೂರು ಕೆಜಿ ಜಾಸ್ತಿ, ಸೋಯಾ ಇನ್ನೊಂದು, ಶೇಂಗಾ ಇನ್ನೊಂದು, ಹಾಲು ತಿಂಗಳಿಗೆ ಇಪ್ಪತ್ತು ಲೀಟರ್ ಜಾಸ್ತಿ, ಅದೂ ಗಟ್ಟಿ ಮೊಸರಾಗಿ. ಹೆಚ್ಚುವರಿ ಖರ್ಚು ಸಾವಿರದ ಐನೂರು, ನಾವು ಮೊಟ್ಟೆ ಮೀನಿಗೆ ಕೊಡುವುದರ ಅರ್ಧದಷ್ಟು. ಕೊಟ್ಟಿಗೆಯಲ್ಲಿ ಹಸು ಇದ್ದರೆ ಇನ್ನೂ ಕಡಿಮೆ. ಅವಳು ತೆರಬೇಕಾದ ಬೆಲೆ ದುಡ್ಡಲ್ಲ, ದಿನಾ ನೆನೆಸು, ಮೊಳಕೆ ಕಟ್ಟು ಅನ್ನುವ ಕೆಲಸ. ಹಾಲು ಮೊಸರನ್ನು ಮಾತ್ರ ಇಳಿಸಬೇಡ ಅಂದೆ, ಅವರ ಊಟದಲ್ಲಿ ಬಿ-12 ಸಿಗುವ ದಾರಿ ಅದೊಂದೇ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ, ಆಗ ನಮ್ಮ ಚೀಟಿಯೂ ಶಿರಸಿ ಕಡೆ ವಾಲುತ್ತದೆ. ಐಸಿನಲ್ಲಿ ದೂರದಿಂದ ಬಂದ ಬಂಗುಡೆಗೆ ದುಪ್ಪಟ್ಟು ಕೊಡುವುದರ ಬದಲು ಮೊಟ್ಟೆ ಏಳು ಟ್ರೇ, ಸೋಯಾ ಎರಡು ಕೆಜಿ. ಒಣಮೀನು ಪ್ರೋಟೀನಿನಲ್ಲಿ ತಾಜಾ ಮೀನಿಗಿಂತ ಗಟ್ಟಿ, ಆದರೆ ಉಪ್ಪು ವಿಪರೀತ. ಬಿಸಿನೀರಿನಲ್ಲಿ ನೆನೆಸಿ ಎರಡು ಮೂರು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ. ಅತ್ತೆಗೆ ಬಿಪಿ, ಅವರ ತಟ್ಟೆಗೆ ಒಣಮೀನು ಹಾಕಬಾರದು ಅಂತ ತೀರ್ಮಾನ ಆಗಿದೆ. ಆದರೂ ಮೇ ತಿಂಗಳ ಭಾನುವಾರದ ಸಂತೆಯಿಂದ ಅವರೇ ಒಂದು ಪೊಟ್ಟಣ ತಂದು ಅಕ್ಕಿ ಡಬ್ಬಿಯ ಹಿಂದೆ ಇಟ್ಟಿರುತ್ತಾರೆ, ನನಗೆ ವಾಸನೆ ಬರುವುದಿಲ್ಲ ಅಂದುಕೊಂಡು.